ಇಪ್ಪತ್ತರಲ್ಲಿ ಹದಿನಾಲ್ಕು

ಭುವನೇಶ್ವರಿಗೆ ಸರ್ಕಾರ ಕೊಡಬೇಕಾದ ಐದು ತಿಂಗಳ ಸಂಬಳ ಇವತ್ತಿಗೂ ಬಾಕಿ ಇದೆ. ಮನೆಮನೆ ತಿರುಗಿದ ಬಸ್ ಖರ್ಚಂತೂ ಎರಡು ವರ್ಷದಿಂದ ಬಂದಿಲ್ಲ. ಕೇಳಿದರೆ "ಅನುದಾನ ಬಂದಿಲ್ಲ" ಅನ್ನುತ್ತಾರೆ. ಅನುದಾನ ಅನ್ನುವುದು ಅವರ ಬಾಯಲ್ಲಿ ಮಳೆ ಇದ್ದಂತೆ, ಬಂದರೆ ಬಂತು, ಯಾರ ಕೈಯಲ್ಲೂ ಇಲ್ಲ.

ದಾವಣಗೆರೆಯ ಸರಸ್ವತಿ ನಗರದ ಹೆಂಗಸು, ವಯಸ್ಸು ನಲವತ್ನಾಲ್ಕು. ಜಿಲ್ಲೆಯ ಮಾನಸಿಕ ಆರೋಗ್ಯ ತಂಡದಲ್ಲಿ ಸಮಾಜ ಕಾರ್ಯಕರ್ತೆ, ಒಂಬತ್ತು ವರ್ಷದಿಂದ ಗುತ್ತಿಗೆಯ ಮೇಲೆ. ಅಪ್ಪ ಹತ್ತಿ ಗಿರಣಿಯ ಕೂಲಿ. ಗಿರಣಿಗೆ ಬೀಗ ಬಿದ್ದ ವರ್ಷ ಅಪ್ಪನ ಹೆಗಲ ಮೇಲೆ ಕೂತು ಗೇಟಿನ ಮುಂದೆ ಘೋಷಣೆ ಕೂಗಿದವಳು. ಆ ಗಂಟಲು ಹಾಗೇ ಉಳಿದಿದೆ. ಆಸ್ಪತ್ರೆಯ ಕಾರಿಡಾರಿನ ಆ ತುದಿಯಲ್ಲಿ ಆಕೆ ಮಾತಾಡಿದರೆ ಈ ತುದಿಯಲ್ಲಿ ಚೀಟಿ ಬರೆಸಿಕೊಳ್ಳುವವರು ತಿರುಗಿ ನೋಡುತ್ತಾರೆ. ಇಂಥ ಗಂಟಲಿನವಳು ಒಂದು ದಿನ ಫೋನಿನಲ್ಲಿ ಮೆತ್ತಗೆ ಹೇಳಿದ ಒಂದೇ ಒಂದು ಸಂಖ್ಯೆ ಒಬ್ಬ ಮನುಷ್ಯನನ್ನು ಆರು ತಿಂಗಳು ಜಾಸ್ತಿ ಒಳಗೆ ಕೂರಿಸಿತು.

ಆ ಮನುಷ್ಯ ಏಕಾಂತಪ್ಪ. ಮಲೆಬೆನ್ನೂರಿನ ಆಚೆಯ ಹಳ್ಳಿಯವನು. ಹನ್ನೊಂದು ವರ್ಷದ ಹಿಂದೆ, ಮಾನಸಿಕ ಕಾಯಿಲೆಯ ಮಾತ್ರೆ ಬಿಟ್ಟು ಆರು ವಾರವಾಗಿದ್ದಾಗ, ನಾಲೆಯ ಏರಿಯ ಮೇಲೆ ಪಕ್ಕದ ಗದ್ದೆಯ ಉಜ್ಜನಪ್ಪನಿಗೆ ಗುದ್ದಲಿಯಲ್ಲಿ ಹೊಡೆದ. ಉಜ್ಜನಪ್ಪ ಅಲ್ಲೇ ಸತ್ತ. ಅವನು ತೂಬು ಎತ್ತಿ ನಿನ್ನ ಗದ್ದೆಗೆ ವಿಷದ ನೀರು ಬಿಡುತ್ತಿದ್ದಾನೆ ಅಂತ ಏಕಾಂತಪ್ಪನ ತಲೆಯೊಳಗಿನ ದನಿ ಹೇಳಿತ್ತು. ಕೋರ್ಟು ಮೂರು ವರ್ಷ ವಿಚಾರಣೆ ಮಾಡಿ, ಹೊಡೆದವನು ಇವನೇ ಹೌದು, ಆದರೆ ಆ ಹೊತ್ತಿಗೆ ಬುದ್ಧಿ ಇವನ ವಶದಲ್ಲಿರಲಿಲ್ಲ ಅಂತ ಬಿಡುಗಡೆ ಮಾಡಿತು. ಬಿಡುಗಡೆ ಅಂದರೆ ಮನೆಗಲ್ಲ. ಸುರಕ್ಷಿತ ವಶದಲ್ಲಿರಲಿ ಅಂತ ಹೊರಜಿಲ್ಲೆಯ ಮಾನಸಿಕ ಆಸ್ಪತ್ರೆಗೆ. ಕೊಲೆ ಮಾಡಿ ಶಿಕ್ಷೆಯಾದವನಿಗೆ ಒಂದು ತಾರೀಕಾದರೂ ಇರುತ್ತದೆ. ನಿರಪರಾಧಿ ಅಂತ ಕೋರ್ಟೇ ಹೇಳಿದವನಿಗೆ ತಾರೀಕಿಲ್ಲ.

ಅವನು ಹೊರಗೆ ಬರಬೇಕಾದರೆ ದಾರಿ ಇದು: ತನಗಾಗಲಿ ಬೇರೆಯವರಿಗಾಗಲಿ ಅಪಾಯ ಮಾಡದೆ ಇರಬಲ್ಲ ಅಂತ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿ ದೃಢಪಡಿಸಬೇಕು, ಆಮೇಲೆ ಸರ್ಕಾರ ಆದೇಶ ಮಾಡಬೇಕು, ಸಂಬಂಧಿಕರು ಜಾಮೀನು ಬರೆದು ಕರೆದುಕೊಂಡು ಹೋಗಬೇಕು. ಮಂಡಳಿ ನಂಬುವುದು ವರದಿಯನ್ನು. ವರದಿ ಬರೆದವನು ಆ ಆಸ್ಪತ್ರೆಯ ಮನಶ್ಶಾಸ್ತ್ರಜ್ಞ ವೀರೇಶ್. ಅದರಲ್ಲಿ ಊರಿನ, ಮನೆಯ ಭಾಗ ಬರೆದುಕೊಟ್ಟವಳು ಭುವನೇಶ್ವರಿ.

ಈ ವರದಿಗೆ ಒಂದು ಕೈಪಿಡಿ ಇದೆ. ಇಪ್ಪತ್ತು ಅಂಶ. ಹತ್ತು ಕಳೆದುಹೋದ ಕಾಲದವು: ಹಿಂದೆ ಹೊಡೆದಿದ್ದನಾ, ಕುಡಿಯುತ್ತಿದ್ದನಾ, ಒಂದು ಕೆಲಸದಲ್ಲಿ ನಿಲ್ಲುತ್ತಿದ್ದನಾ, ಮಾತ್ರೆ ಬಿಟ್ಟಿದ್ದನಾ ಅಂತ. ಐದು ಈಗಿನವು: ಕಾಯಿಲೆ ಇದೆ ಅಂತ ಅವನಿಗೇ ಗೊತ್ತಾ, ಯಾರ ಮೇಲಾದರೂ ಹಗೆ ಇದೆಯಾ, ದನಿಗಳು ನಿಂತಿವೆಯಾ ಅಂತ. ಇನ್ನೈದು ಮುಂದಿನವು: ಹೊರಗೆ ಬಂದರೆ ಎಲ್ಲಿರುತ್ತಾನೆ, ಯಾರು ನೋಡುತ್ತಾರೆ, ಚಿಕಿತ್ಸೆ ಎಲ್ಲಿ, ಕಷ್ಟ ಬಂದರೆ ತಡೆಯುತ್ತಾನಾ ಅಂತ. ಒಂದೊಂದಕ್ಕೂ ಇದೆ, ಸ್ವಲ್ಪ ಇದೆ, ಇಲ್ಲ ಅಂತ ಬರೆದು, ಈ ಮನುಷ್ಯನ ಮಟ್ಟಿಗೆ ಅದು ಎಷ್ಟು ಮುಖ್ಯ ಅಂತಲೂ ಬರೆಯಬೇಕು. ಕೂಡಿಸಬಾರದು. ಇದು ಪಿಯುಸಿ ಮಾರ್ಕ್ಸ್ ಕಾರ್ಡ್ ಅಲ್ಲ. ಒಂದೇ ಒಂದು ಅಂಶ ಇದ್ದವನು ನಾಳೆಯೇ ಯಾರನ್ನೋ ಕೊಲ್ಲಬಹುದು. ಹದಿನೈದು ಇದ್ದವನು ಇರುವೆಗೂ ನೋವು ಮಾಡದೆ ಇರಬಹುದು. ಇಪ್ಪತ್ತನ್ನೂ ಮುಂದಿಟ್ಟುಕೊಂಡು, ಇವನು ಅವತ್ತು ಯಾಕೆ ಹೊಡೆದ, ಮತ್ತೆ ಹೊಡೆದರೆ ಯಾವ ಸಂದರ್ಭದಲ್ಲಿ, ಯಾರಿಗೆ, ಅದಕ್ಕಿಂತ ಮುಂಚೆ ಏನು ಕಾಣಿಸುತ್ತದೆ, ತಡೆಯುವುದು ಹೇಗೆ ಅಂತ ಯೋಚಿಸಿ ತೀರ್ಮಾನ ಬರೆಯುವುದು ಕೆಲಸ. ಭುವನೇಶ್ವರಿ ಇದನ್ನೆಲ್ಲ ತರಬೇತಿಯಲ್ಲಿ ಕಲಿತಿದ್ದಳು.

ಮಾರ್ಚ್ ತಿಂಗಳು. ಹೊರರೋಗಿಗಳ ಸಾಲು ಬಾಗಿಲು ದಾಟಿ ಮೆಟ್ಟಿಲಿಗೆ ಬಂದಿತ್ತು. ಎದುರಿಗೆ ಮೂರು ದಿನದಿಂದ ಉಣ್ಣದ ಬಾಣಂತಿ. ಫೋನು ಬಡಿದುಕೊಂಡಿತು. ಮಂಡಳಿಯ ಕಚೇರಿಯ ವಿಷಯ ನಿರ್ವಾಹಕ ವಿಜಯಕುಮಾರ್.

"ಮೇಡಂ, ಏಕಾಂತಪ್ಪನ ಕೇಸು. ಕಡೇ ಪುಟದಾಗೆ ನಿಮ್ ನಂಬರ್ ಐತೆ. ಅಂಕ ಎಷ್ಟು ಬಂತು?"

"ಅಂಕ ಇರಲ್ರಿ ಅದರಾಗೆ."

"ಇರ್ಲೇಬೇಕಲ್ಲ ಮೇಡಂ. ನಮ್ ನಮೂನೆಯಾಗೆ ಒಂದು ಕಾಲಂ ಐತೆ, ಒಟ್ಟು ಅಂಕ ಅಂತ. ಖಾಲಿ ಬಿಟ್ರೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ."

"ವೀರೇಶ್ ಸರ್‌ನ ಕೇಳ್ರಿ."

"ಅವರು ಎತ್ತವಲ್ಲರು. ನಾಳೆ ಸಭೆ ಐತೆ. ಸುಮ್ನೆ ಎಷ್ಟು ಇವೆ ಅಂತ ಹೇಳ್ರಿ ಮೇಡಂ, ಒಂದು ಅಂದಾಜು. ಇಲ್ಲಾಂದ್ರೆ ಈ ಸಲದ ಪಟ್ಟಿಯಿಂದಾನೇ ತೆಗೀಬೇಕಾಗ್ತೈತಿ."

ಪಟ್ಟಿಯಿಂದ ತೆಗೆದರೆ ಆರು ತಿಂಗಳು ಹೋಯಿತು ಅಂತ ಆಕೆಗೆ ಗೊತ್ತು. ಹೆಗಲಿಗೆ ಫೋನು ಒತ್ತಿಕೊಂಡು ಕಂಪ್ಯೂಟರಿನಲ್ಲಿ ವರದಿ ತೆಗೆದಳು. ಇದೆ ಅಂತ ಇದ್ದದ್ದನ್ನೂ ಸ್ವಲ್ಪ ಇದೆ ಅಂತ ಇದ್ದದ್ದನ್ನೂ ಒಂದೇ ತೂಕಕ್ಕೆ ಹಾಕಿ ಬೆರಳಲ್ಲಿ ಎಣಿಸಿದಳು.

"ಹದಿನಾಲ್ಕು. ಆದ್ರೆ ಅದನ್ನ ಹಂಗೆ ನೋಡಬಾರದ್ರಿ..."

"ಆತು ಮೇಡಂ, ಥ್ಯಾಂಕ್ಸ್."

ಮೂರು ವಾರಕ್ಕೆ ಆದೇಶದ ಪ್ರತಿ ಬಂತು. "ಇಪ್ಪತ್ತರಲ್ಲಿ ಹದಿನಾಲ್ಕು ಅಂಕ, ಅಂದರೆ ಶೇಕಡಾ ಎಪ್ಪತ್ತು. ಅಪಾಯದ ಮಟ್ಟ ಹೆಚ್ಚು. ಬಿಡುಗಡೆ ಪರಿಗಣಿಸಲು ಬಾರದು." ಹನ್ನೆರಡು ಪುಟದ ವರದಿಯಿಂದ ಆದೇಶಕ್ಕೆ ಹೋದದ್ದು ಈ ಒಂದೇ ಒಂದು ಸಾಲು. ಆ ಸಾಲು ವರದಿಯಲ್ಲಿ ಇರಲೇ ಇಲ್ಲ.

ವೀರೇಶ್ ಫೋನು ಮಾಡಿದ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

"ಅಕ್ಕ, ನಾನು ನಾಲ್ಕು ಸಲ ಕೂತು ಮಾತಾಡ್ಸಿದೀನಿ ಅವನನ್ನ. ವಾರ್ಡಿನ ಎಂಟು ವರ್ಷದ ದಾಖಲೆ ಓದೀನಿ. ಒಂದು ಸಲ ಕೈ ಎತ್ತಿಲ್ಲ. ಪೊಲೀಸ್ ಕಾಗದ ತರಿಸೀನಿ. ಹದಿನಾಲ್ಕು ಎಲ್ಲಿಂದ ಬಂತು?"

"ನಾನೇ ಕೊಟ್ಟೆ."

ಆ ಕಡೆ ವರದಿಯ ಪುಟ ಮಗುಚಿದ ಸದ್ದು ಕೇಳಿತು.

"ಯಾಕಕ್ಕ?"

"ಕೇಳಿದ, ಕೊಟ್ಟೆ. ಬಾಯಿ ಮುಚ್ಕೊಂಡಿರಬೇಕಿತ್ತು."

"ಹಳೇ ಅಂಶಗಳು ಸಾಯೋ ತನಕ ಅಳಿಯಲ್ಲ. ಕೂಡ್ಸೋಕೆ ಶುರು ಮಾಡಿದ್ರೆ ಇವನು ಹೆಣ ಆಗೇ ಹೊರಗೆ ಬರಬೇಕು."

ಅವತ್ತು ಭುವನೇಶ್ವರಿ ಊಟ ಮಾಡಲಿಲ್ಲ. ಗಂಡ ಅಶ್ವಥ್ ಕೆ.ಬಿ. ಬಡಾವಣೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟವನು, ಕಾಗದದ ಜಗತ್ತಿನ ಮರ್ಮ ಬಲ್ಲವನು. "ಆಫೀಸಿನವನು ಕೇಳೋದು ಸತ್ಯ ಅಲ್ಲ ಕಣೆ, ಕಾಲಂ ತುಂಬೋ ಸಾಮಾನು. ನೀ ಸಾಮಾನು ಕೊಟ್ಟೆ" ಅಂದ.

"ಗಾಯಕ್ಕೆ ಉಪ್ಪು ಹಚ್ಚಬ್ಯಾಡ."

"ಮತ್ತೇನು ಸಕ್ರೆ ಹಚ್ಲಾ?"

ಹಾಸಿಗೆಯಲ್ಲಿ ಹೊರಳುವಾಗ ಆಕೆಗೆ ಇನ್ನೊಂದು ಹೊಳೆಯಿತು, ಅದು ಇನ್ನೂ ಕೆಟ್ಟದ್ದು. ತಾನು ಬರೆದುಕೊಟ್ಟ ಭಾಗವೇ ಪೊಳ್ಳು. 'ವಾಸದ ಮನೆ: ಸಮಸ್ಯೆ ಇದೆ. ಹತ್ತಿರದವರ ಆಸರೆ: ಸಮಸ್ಯೆ ಇದೆ' ಅಂತ ಬರೆದಿದ್ದಳು. ಹರಿಹರದಲ್ಲಿರುವ ಏಕಾಂತಪ್ಪನ ಅಕ್ಕ ಉಚ್ಚೆಂಗೆಮ್ಮನಿಗೆ ಮೂರು ಸಲ ಫೋನು ಮಾಡಿದಳು, ಎತ್ತಲಿಲ್ಲ. 'ಕುಟುಂಬ ಸಂಪರ್ಕಕ್ಕೆ ಸಿಗುತ್ತಿಲ್ಲ' ಅಂತ ಬರೆದು ಮುಗಿಸಿದಳು. ಹದಿನಾಲ್ಕು ಕಿಲೋಮೀಟರು ದೂರದ ಹರಿಹರಕ್ಕೆ ಹೋಗಲಿಲ್ಲ. ಜೀಪಿಗೆ ಡೀಸೆಲ್ ಇರಲಿಲ್ಲ ಅನ್ನುವುದು ನಿಜ. ತಾನು ಬಸ್ಸು ಹತ್ತಬಹುದಿತ್ತು ಅನ್ನುವುದೂ ನಿಜ. ಸರ್ಕಾರವನ್ನು ಬೈಯುವಾಗ ಈ ಎರಡನೆಯ ನಿಜವನ್ನು ಬಚ್ಚಿಡುವ ಜಾತಿಯವಳಲ್ಲ ಆಕೆ.

ಮುಂದಿನ ಸೋಮವಾರ ಬಸ್ಸು ಹತ್ತಿದಳು.

ಉಚ್ಚೆಂಗೆಮ್ಮನದು ಹರಿಹರದಲ್ಲಿ ಬಾಡಿಗೆ ಮನೆ. ಮುಂದಿನ ಪಡಸಾಲೆಯೇ ರೊಟ್ಟಿ ಕೇಂದ್ರ. ನಾಲ್ಕು ಹೆಂಗಸರು ಸಾಲಾಗಿ ಕೂತು ಜೋಳದ ರೊಟ್ಟಿ ತಟ್ಟುತ್ತಿದ್ದರು, ಮಾತು ಕೇಳಿಸದಷ್ಟು ಪಟಪಟ. ಮುಂಜಾನೆ ಐದರಿಂದ ಮಧ್ಯಾಹ್ನ ಎರಡರವರೆಗೆ ಆಕೆಯ ಎರಡೂ ಕೈ ಹಿಟ್ಟಿನಲ್ಲಿ. ಫೋನು ಗೂಡಿನಲ್ಲಿ ಬಡಿದುಕೊಂಡು ಸುಮ್ಮನಾಗುತ್ತದೆ.

"ನೀವೇನಾ ಫೋನ್ ಮಾಡಿದ್ದು? ಬರ್ರಿ, ಕೂಡ್ರಿ. ಹಿಟ್ಟಿನ ಕೈಲಿ ಫೋನ್ ಹೆಂಗೆ ಮುಟ್ಟಲಿ? ಆಮೇಲೆ ನಾ ಮಾಡಿದ್ರೆ ನೀವು ಎತ್ತಲಿಲ್ಲ."

ಅದೂ ನಿಜವಿತ್ತು.

"ನಿಮ್ ತಮ್ಮನ್ನ ಇಟ್ಕೊಳ್ಳಾಕೆ ಮನಸೈತಾ ಅಮ್ಮ? ಮುಲಾಜು ಬ್ಯಾಡ. ಇಲ್ಲಾಂದ್ರೆ ಇಲ್ಲ ಅನ್ರಿ, ಹಂಗೇ ಬರೀತೀನಿ."

"ಹನ್ನೊಂದು ವರ್ಷದಿಂದ ವರ್ಷಕ್ಕೆ ಎರಡು ಸಲ ಹೋಗಿ ನೋಡ್ಕೊಂಡು ಬರ್ತೀನಿ. ರೊಟ್ಟಿ, ಶೇಂಗಾ ಚಟ್ನಿ ಒಯ್ತೀನಿ. ಮನಸಿಲ್ದೆ ಒಯ್ತಾರೇನ್ರಿ?"

"ಭಯ?"

ಉಚ್ಚೆಂಗೆಮ್ಮ ತಟ್ಟುವುದನ್ನು ನಿಲ್ಲಿಸಿದಳು. "ಐತೆ. ಸುಳ್ಳು ಯಾಕೆ ಹೇಳ್ಲಿ? ಅವತ್ತು ಉಜ್ಜನಪ್ಪ ಮಾವನ ಮುಖ ನಾ ನೋಡೀನಿ. ಆದ್ರೆ ಭಯ ಯಾವಾಗ ಪಡಬೇಕು ಅಂತ ನಂಗೆ ಗೊತ್ತೈತೆ. ಔಷಧ ತಪ್ಪಿದ್ರೆ ಮೊದ್ಲು ನಿದ್ದೆ ಬಿಡ್ತಾನೆ. ಎರಡು ರಾತ್ರಿ, ಮೂರು ರಾತ್ರಿ. ಆಮೇಲೆ ಕುಡಿಯೋ ನೀರು ಮೂಸಿ ನೋಡ್ತಾನೆ. ಆಮೇಲೆ ನಾ ಹಾಕಿದ ಅನ್ನ ಬ್ಯಾಡ ಅಂತಾನೆ. ಅವತ್ತೂ ಹಂಗೇ ಆತು. ಅಮ್ಮ ಹೇಳಿದ್ಲು, ಚೆಂಬು ಮೂಸ್ತಾನೆ ಕಣೆ ಅಂತ. ನಮ್ಗೆ ಅದರರ್ಥ ಗೊತ್ತಿರಲಿಲ್ಲ. ನಕ್ವಿ."

ಭುವನೇಶ್ವರಿ ಅಷ್ಟನ್ನೂ ಬರೆದುಕೊಂಡಳು. ಎಂಟು ವರ್ಷದ ಕಡತದಲ್ಲಿ ಯಾವ ಡಾಕ್ಟರೂ ಬರೆಯದ ಮಾತು ಇದು. ನೀರು ಮೂಸುವುದು. ಇಂಥದ್ದು ಹರಿಹರದ ಪಡಸಾಲೆಯಲ್ಲಿ ಸಿಗುತ್ತದೆ, ಫೋನಿನಲ್ಲಿ ಸಿಗುವುದಿಲ್ಲ.

ಅಲ್ಲಿಂದ ಮಲೆಬೆನ್ನೂರಿಗೆ, ಮಲೆಬೆನ್ನೂರಿನಿಂದ ಟಂಟಂ ಗಾಡಿಯಲ್ಲಿ ಹಳ್ಳಿಗೆ. ಸತ್ತ ಉಜ್ಜನಪ್ಪನ ಮಗ ತಿಪ್ಪೇರುದ್ರಪ್ಪನನ್ನು ನೋಡಬೇಕಿತ್ತು. ಆ ಮನೆಗೆ ಹನ್ನೊಂದು ವರ್ಷದಲ್ಲಿ ಯಾವ ಕಚೇರಿಯವರೂ ಹೋಗಿರಲಿಲ್ಲ. ಭತ್ತ ತುಂಬಿದ ಟ್ರ್ಯಾಕ್ಟರಿನ ಮೇಲೆ ಕೂತಿದ್ದವನು ಇಳಿಯಲಿಲ್ಲ.

"ಅವನ್ನ ಬಿಡಾಕೆ ನನ್ನ ಒಪ್ಪಿಗೆ ಕೇಳಾಕೆ ಬಂದ್ರಾ?"

"ಒಪ್ಪಿಗೆ ಅಲ್ರಿ. ನಿಮ್ಗೇನು ಅನಿಸ್ತೈತಿ ಕೇಳಾಕೆ."

"ನಮ್ಮಪ್ಪ ತಿರುಗಿ ಬರ್ತಾನಾ?"

"ಇಲ್ಲ."

"ಮತ್ತೆ ಕೇಳಿ ಏನು ಮಾಡ್ತೀರಿ?" ಸ್ಟೇರಿಂಗಿನ ಮೇಲೆ ಬೆರಳು ಬಡಿದ. "ಹುಚ್ಚು ಅಂತ ಕೋರ್ಟು ಹೇಳ್ತು, ಆತು. ನಂಗೂ ಗೊತ್ತೈತೆ, ಅವ್ನು ಚಲೋ ಇದ್ದಾಗ ನಮ್ಮಪ್ಪನ ಜತಿಗೇ ಬೀಡಿ ಸೇದೋನು. ಹರಿಹರದಾಗೆ ಇರ್ಲಿ, ಎಲ್ಲಾರ ಇರ್ಲಿ. ಈ ಏರಿ ಮ್ಯಾಲೆ ಕಾಲಿಡಬಾರದು. ನನ್ನ ತಮ್ಮ ಸಿಟ್ಟಿನ ಮನುಷ್ಯ. ಅವ್ನು ಕಂಡ್ರೆ ಆಮ್ಯಾಲೆ ನೀವು ನನ್ನ ತಮ್ಮನ ಮ್ಯಾಲೆ ರಿಪೋರ್ಟ್ ಬರೀಬೇಕಾಗ್ತೈತಿ."

ಅದನ್ನೂ ಬರೆದುಕೊಂಡಳು, ಹೇಳಿದ್ದು ಹೇಳಿದಂತೆ. ಊರಿಗೆ ಬರಬಾರದು ಅನ್ನುವುದು ಯೋಜನೆಯ ಒಂದು ಷರತ್ತಾಯಿತು.

ಜುಲೈನಲ್ಲಿ ಆಕೆ ಮಾನಸಿಕ ಆಸ್ಪತ್ರೆಗೆ ಹೋಗಿ ವೀರೇಶನ ಜೊತೆ ಏಕಾಂತಪ್ಪನ ಮುಂದೆ ಕೂತಳು. ನಲವತ್ಮೂರರ ಮನುಷ್ಯ, ಅರವತ್ತರಂತೆ ಕಾಣುತ್ತಿದ್ದ. ಮಾತ್ರೆಯಿಂದ ಮೈ ಊದಿದೆ, ಕೈ ಸಣ್ಣಗೆ ನಡುಗುತ್ತದೆ.

"ಉಜ್ಜನಪ್ಪನಿಗೆ ಹೊಡೆದದ್ದು ನಾನೇ ರಿ," ಅಂದ ಕೇಳುವ ಮೊದಲೇ. "ಪಾಪದ ಮನುಷ್ಯ. ತೂಬಿನ ಪಾಳಿ ಅವತ್ತು ಅವಂದೇ ಇತ್ತು."

"ಈಗ ನೀರಿನ ಬಗ್ಗೆ ಏನಾರ ಅನಿಸ್ತೈತಾ?"

ಏಕಾಂತಪ್ಪ ನೆಲ ನೋಡಿದ. ಹೌದು ಅಂದರೆ ತನಗೆ ನಷ್ಟ ಅಂತ ಅವನಿಗೂ ಗೊತ್ತು. "ಒಮ್ಮೊಮ್ಮೆ ಅನಿಸ್ತೈತಿ ರಿ. ಅವತ್ತು ನೀರಾಗೆ ಏನೋ ಇತ್ತೇನೋ ಅಂತ. ಆಮ್ಯಾಲೆ ಸಿಸ್ಟರ್‌ಗೆ ಹೇಳ್ತೀನಿ. ಅವರು ಹೊಳ್ಳಿ ಹೇಳ್ತಾರೆ, ಅದು ಕಾಯಿಲೆ ಕಣಪ್ಪ ಅಂತ. ಹೌದು ಅನಿಸ್ತೈತಿ."

ಹೊರಗೆ ಬಂದ ಮೇಲೆ ವೀರೇಶ್ ಕೇಳಿದ, "ಇದನ್ನ ಬರೆದ್ರೆ ಮಂಡಳಿ ಹೆದರ್ತೈತಿ. ಬಿಟ್ಟುಬಿಡಾಣಾ ಅಕ್ಕ?" ಆಕೆಯನ್ನು ಪರೀಕ್ಷೆ ಮಾಡಿದನೋ, ತಾನೇ ಸೋತಿದ್ದನೋ, ಗೊತ್ತಾಗಲಿಲ್ಲ.

"ಬರಿ. ಹೋದ ಸಲ ಒಂದು ಸುಳ್ಳು ಸಂಖ್ಯೆ ಸಾಕು. ತಾನಾಗೇ ಸಿಸ್ಟರ್‌ಗೆ ಹೇಳ್ತಾನೆ ಅನ್ನೋದನ್ನೂ ಬರಿ."

ಬರೆದರು. ಅವತ್ತು ಯಾಕಾಯಿತು ಅನ್ನುವುದು ಒಂದು ಪುಟ: ಔಷಧ ನಿಂತಿತು, ಕುಡಿತ ಹೆಚ್ಚಿತು, ನಿದ್ದೆ ಹೋಯಿತು, ನೀರಿನ ಸಂಶಯ ಬಂತು, ದಿನಾ ಎದುರಿಗೆ ಸಿಗುವ ಮನುಷ್ಯ ಶತ್ರುವಾದ, ಕೈಯಲ್ಲಿ ಗುದ್ದಲಿ ಇತ್ತು. ಮತ್ತೆ ಆದರೆ ಹೇಗೆ ಆದೀತು ಅನ್ನುವುದು ಇನ್ನೊಂದು ಪುಟ: ಇಂಜೆಕ್ಷನ್ ತಪ್ಪಿ ವಾರಗಳಾದರೆ, ಸಂಶಯ ಬೀಳುವುದು ಅಕ್ಕನ ಮೇಲೆ ಅಥವಾ ಪಕ್ಕದ ಮನೆಯವರ ಮೇಲೆ; ಮುನ್ಸೂಚನೆ ಮೂರು ರಾತ್ರಿ ನಿದ್ದೆಗೆಡುವುದು, ನೀರು ಮೂಸುವುದು, ಮನೆಯ ಊಟ ಬಿಡುವುದು; ಕಂಡ ದಿನವೇ ಯಾರಿಗೆ ಫೋನು ಮಾಡಬೇಕು, ಯಾವ ಆಸ್ಪತ್ರೆಗೆ ಕರೆತರಬೇಕು. ತಡೆಯುವ ಯೋಜನೆ: ತಿಂಗಳಿಗೊಮ್ಮೆ ಸೊಂಟಕ್ಕೆ ಇಂಜೆಕ್ಷನ್, ತಿಂಗಳಿಗೊಮ್ಮೆ ಭುವನೇಶ್ವರಿ ಮನೆಗೆ ಭೇಟಿ, ಕುಡಿತ ಪೂರಾ ಬಂದ್, ಹಳ್ಳಿಗೆ ಹೋಗುವಂತಿಲ್ಲ, ಆರು ತಿಂಗಳಿಗೊಮ್ಮೆ ಈ ವರದಿಯನ್ನೇ ಹೊಸದಾಗಿ ಮಾಡುವುದು. ಕೊನೆಯ ತೀರ್ಮಾನ ನಾಲ್ಕು ಸಾಲು: ಸದ್ಯಕ್ಕೆ ಹಿಂಸೆಯ ಸೂಚನೆ ಇಲ್ಲ. ಈ ಯೋಜನೆ ನಡೆದರೆ ಅಪಾಯ ಕಡಿಮೆ. ಯೋಜನೆ ತಪ್ಪಿದರೆ ಏರುತ್ತದೆ. ಏರಿ ಏನಾದರೂ ಆದರೆ ಆಗುವುದು ಸಣ್ಣ ಗಾಯವಲ್ಲ. ಅಂಕ ಇಲ್ಲ. ಬದಲಿಗೆ ದಪ್ಪ ಅಕ್ಷರದಲ್ಲಿ 'ಅಂಶಗಳನ್ನು ಕೂಡಿಸತಕ್ಕದ್ದಲ್ಲ.'

ಸೆಪ್ಟೆಂಬರಿನ ಸಭೆ ಆ ಸಲ ದಾವಣಗೆರೆಯಲ್ಲೇ, ಸರ್ಕಾರಿ ಕಟ್ಟಡವೊಂದರ ಮೇಲಂತಸ್ತಿನಲ್ಲಿ. ಅಧ್ಯಕ್ಷರು ನಿವೃತ್ತ ಜಿಲ್ಲಾ ನ್ಯಾಯಾಧೀಶರು. ಪಕ್ಕದಲ್ಲಿ ಇಬ್ಬರು ಡಾಕ್ಟರು, ಕಂದಾಯದ ಒಬ್ಬರು, ರೋಗಿಗಳ ಮನೆಯವರ ಪರವಾಗಿ ರಹಮತ್ ಬೀ. ಆಕೆ ಕಾಯಿಲೆಯ ಮಗನನ್ನು ಇಪ್ಪತ್ತು ವರ್ಷ ಸಾಕಿದ ಮುದುಕಿ, ಸರ್ಕಾರಿ ಕುರ್ಚಿಯಲ್ಲೂ ಮನೆಯ ಚಾಪೆಯ ಮೇಲೆ ಕೂತಂತೆ ಕಾಲು ಮಡಚಿ ಕೂತಿದ್ದಳು. ಬಾಗಿಲ ಹತ್ತಿರ ಇಬ್ಬರು ಪೊಲೀಸರ ನಡುವೆ ಏಕಾಂತಪ್ಪ. ಉಚ್ಚೆಂಗೆಮ್ಮ ಅವತ್ತಿನ ರೊಟ್ಟಿ ಕೆಲಸ ಬಿಟ್ಟು ಬಂದಿದ್ದಳು. ಮೂಲೆಯಲ್ಲಿ ವಿಜಯಕುಮಾರ್, ಅದೇ ನಮೂನೆ ತೆರೆದುಕೊಂಡು.

ಅಧ್ಯಕ್ಷರು ಪುಟ ತಿರುವಿದರು. "ಹೋದ ಸಲ ಹದಿನಾಲ್ಕು ಇತ್ತು. ಈ ಸಲ ಎಷ್ಟು ಅಂತ ಎಲ್ಲೂ ಕಾಣ್ತಿಲ್ಲ."

ವೀರೇಶ್ ಎದ್ದು ನಿಲ್ಲುವ ಮೊದಲೇ ಭುವನೇಶ್ವರಿ ನಿಂತಳು. "ಸ್ವಾಮಿ, ಆ ಹದಿನಾಲ್ಕು ವರದಿಯಾಗೆ ಇರಲಿಲ್ಲ. ಫೋನ್‌ನಾಗೆ ಕೇಳಿದ್ರು, ನಾ ಎಣಿಸಿ ಹೇಳಿದೆ. ತಪ್ಪು ನಂದು. ಎಣಿಸಬಾರದು. ಎಣಿಸೋದಕ್ಕೆ ಆ ಕೈಪಿಡಿ ಮಾಡಿಲ್ಲ."

"ಒಂದು ಅಳತೆ ಬೇಕಲ್ಲಮ್ಮ ನಮಗೆ?"

"ಬೇಕು. ಹಂಗಾದ್ರೆ ಆ ಹದಿನಾಲ್ಕು ಯಾವ್ಯಾವು ಅಂತ ಕೇಳ್ರಿ. ಏಳು ಹಳೇವು: ಕೊಲೆ ಆಗಿದ್ದು, ಕುಡಿದಿದ್ದು, ಹೆಂಡ್ತಿ ಬಿಟ್ಟು ಹೋಗಿದ್ದು, ಇಂಥವು. ಅವು ಆಗಿಹೋದವು, ದೇವರು ಬಂದ್ರೂ ಅಳಿಸಾಕಾಗಲ್ಲ. ಎರಡು ಈಗಿನವು, ಅವನವು. ಕಾಯಿಲೆ ಬಗ್ಗೆ ಅರೆಬರೆ ತಿಳುವಳಿಕೆ, ಔಷಧಕ್ಕೆ ಪೂರಾ ಬಗ್ಗದ ಕಾಯಿಲೆ. ಉಳಿದ ಐದು ಮುಂದಿನವು. ಮನೆ ಯಾವ್ದು, ನೋಡೋರು ಯಾರು, ಇಂಜೆಕ್ಷನ್ ಯಾರು ಹಾಕ್ತಾರೆ, ಅವನು ತಪ್ಪದೆ ಬರ್ತಾನಾ, ಒತ್ತಡ ಬಂದ್ರೆ ಯಾರಿಗೆ ಹೇಳ್ತಾನೆ. ಅವು ಅವನ ತಲೆಯಾಗೆ ಇರೋ ಕಾಯಿಲೆಗಿಂತ ನಾವು ಮಾಡದೆ ಬಿಟ್ಟ ಕೆಲಸ. ನಮ್ಮ ಕೆಲಸಗೇಡಿತನಾನ ಅವನ ಲೆಕ್ಕಕ್ಕೆ ಹಾಕಿ, ನೋಡಪ್ಪ ನೀ ಅಪಾಯ ಅಂದ್ವಿ."

ವಿಜಯಕುಮಾರ್ ಮೆಲ್ಲಗೆ, "ಸರ್, ಆ ಕಾಲಂ ಖಾಲಿ ಬಿಟ್ರೆ ಮುಂದಕ್ಕೆ ಹೋಗಲ್ಲ" ಅಂದ.

ರಹಮತ್ ಬೀ ಅವನ ಕಡೆ ತಿರುಗಿದಳು. "ಏ ತಮ್ಮಾ, ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ ಅಂತ ಮನುಷ್ಯ ಮುಂದಕ್ಕೆ ಹೋಗಬಾರದೇನಪ್ಪ? 'ವರದಿ ನೋಡಿ' ಅಂತ ಹಾಕು. ಅಷ್ಟೂ ಬರಲ್ವಾ?" ಆಮೇಲೆ ಉಚ್ಚೆಂಗೆಮ್ಮನಿಗೆ, "ನೀನು ಹೇಳವ್ವ. ಅವನು ನೀರು ಮೂಸಿದ ದಿನ ಏನು ಮಾಡ್ತೀ?"

"ಈ ಅಕ್ಕಾರಿಗೆ ಫೋನ್ ಹಚ್ತೀನಿ. ಹಿಟ್ಟಿನ ಕೈ ಆದ್ರೂ ಹಚ್ತೀನಿ. ಆಟೋ ಮಾಡಿ ಆಸ್ಪತ್ರೆಗೆ ಕರ್ಕೊಂಡು ಬರ್ತೀನಿ."

"ಬರಲ್ಲ ಅಂದ್ರೆ?"

"ಪಕ್ಕದ ಮನೆಯೋರನ್ನ ಕರೀತೀನಿ. ಮೊದ್ಲೇ ಹೇಳಿಟ್ಟೀನಿ ಅವರಿಗೆ. ಮುಚ್ಚಿಟ್ಟಿಲ್ಲ."

ರಹಮತ್ ಬೀ ತಲೆಯಾಡಿಸಿದಳು. "ನನಗೆ ಇಪ್ಪತ್ತು ವರ್ಷದಾಗೆ ಯಾರೂ ಇಷ್ಟು ಕೇಳಿಲ್ಲ. ಕೇಳಿದ್ದಿದ್ರೆ ನನ್ನ ಹಲ್ಲು ಎರಡು ಉಳೀತಿದ್ವು." ಬಾಯಿ ತೆರೆದು ತೋರಿಸಿದಳು. ಮನಶ್ಶಾಸ್ತ್ರಜ್ಞನೂ ಪೊಲೀಸನೂ ಒಟ್ಟಿಗೆ ನಕ್ಕುಬಿಟ್ಟರು. ಏಕಾಂತಪ್ಪ ಮಾತ್ರ ನಗಲಿಲ್ಲ, ಅಧ್ಯಕ್ಷರ ಪೆನ್ನನ್ನೇ ನೋಡುತ್ತಿದ್ದ.

ಮಂಡಳಿಯ ಮನೋವೈದ್ಯರು ಕೊನೆಯ ಪ್ರಶ್ನೆ ಹಾಕಿದರು, ಸರಿಯಾದ ಪ್ರಶ್ನೆ. "ನಿಮ್ಮ ವರದಿ ಚೆನ್ನಾಗಿದೆ. ಆದರೆ ಇಡೀ ತೀರ್ಮಾನ ನಿಂತಿರೋದು ತಿಂಗಳ ಇಂಜೆಕ್ಷನ್ ಮೇಲೆ. ತಪ್ಪಿದರೆ ಅಪಾಯ ಏರುತ್ತದೆ ಅಂತ ನೀವೇ ಬರೆದಿದ್ದೀರಿ. ಹತ್ತಿರದ ಆಸ್ಪತ್ರೆಯಲ್ಲಿ ಪ್ರತಿ ತಿಂಗಳು ಸಿಗುತ್ತದೆ ಅಂತ ಬರೆದುಕೊಟ್ಟವರು ಯಾರು?"

ಬರೆದುಕೊಟ್ಟವರು ಯಾರೂ ಇರಲಿಲ್ಲ. ಅಧ್ಯಕ್ಷರು ಆದೇಶ ಬರೆಸಿದರು: ಇಂಜೆಕ್ಷನ್ ಸರ್ಕಾರಿ ಆಸ್ಪತ್ರೆಯಿಂದ ತಪ್ಪದೆ ದೊರೆಯುತ್ತದೆ ಎಂಬ ಲಿಖಿತ ಭರವಸೆಯನ್ನು ಹದಿನೈದು ದಿನದಲ್ಲಿ ಸಲ್ಲಿಸಿದರೆ ದೃಢಪತ್ರ ನೀಡಿ ಸರ್ಕಾರಕ್ಕೆ ಕಳಿಸಲಾಗುವುದು. ತಪ್ಪಿದರೆ ಮುಂದಿನ ಸಭೆಗೆ.

"ಒಂದು ಕಾಗದ," ಅಂದಳು ಉಚ್ಚೆಂಗೆಮ್ಮ ಮೆಟ್ಟಿಲಿಳಿಯುವಾಗ. "ಒಂದು ಕಾಗದ ತಾನೇ ರಿ?"

ಮರುದಿನ ಭುವನೇಶ್ವರಿ ಯೋಜನೆಯಲ್ಲಿ ಹೆಸರಿಸಿದ್ದ ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಗೆ ಹೋದಳು. ಫಾರ್ಮಸಿಸ್ಟ್ ಲತಾ ಒಳಗೆ ಕರೆದು ಕೂರಿಸಿ, ದಾಸ್ತಾನು ಪುಸ್ತಕ ತಿರುಗಿಸಿ ತೋರಿಸಿದಳು.

"ನೋಡಕ್ಕ. ಈ ಇಂಜೆಕ್ಷನ್‌ಗೆ ಹನ್ನೊಂದು ಜನ ಬರ್ತಾರೆ. ನನ್ನ ಹತ್ರ ಇರೋದು ನಾಲ್ಕು. ಜೂನ್‌ನಾಗೆ ಬೇಡಿಕೆ ಕಳ್ಸಿದ್ದು. ನೆನಪೋಲೆ ಎರಡು ಆದ್ವು. ಮೇಲಿನ ಉಗ್ರಾಣದಿಂದ ಉತ್ತರ ಇಲ್ಲ."

"ಉಳಿದ ಏಳು ಜನ?"

"ಮಾತ್ರೆ ಕೊಟ್ಟು ಕಳಿಸ್ತೀವಿ. ತಗಂತಾರೋ ಬಿಡ್ತಾರೋ ದೇವರಿಗೇ ಗೊತ್ತು. ಮಾತ್ರೆ ಬಿಡ್ತಾರೆ ಅಂತಾನೇ ತಾನೇ ಇಂಜೆಕ್ಷನ್ ಇಟ್ಟಿರೋದು?"

"ಪ್ರತಿ ತಿಂಗಳು ಕೊಡ್ತೀವಿ ಅಂತ ಒಂದು ಸಾಲು ಬರೆದುಕೊಡವ್ವ."

"ಹೆಂಗೆ ಬರೀಲಿ? ಇಲ್ಲದ್ದನ್ನ ಐತೆ ಅಂತ ಬರೆದು, ನಾಳೆ ಅವನು ಯಾರಿಗಾರ ಹೊಡೆದ್ರೆ? ನಾನು ಕಿಟಕಿ ಕಾಯೋಳು ಅಕ್ಕ, ಉಗ್ರಾಣದ ಕೀಲಿ ನನ್ನ ಹತ್ರ ಇಲ್ಲ."

ಭುವನೇಶ್ವರಿ ಸಿಟ್ಟಿಗೇಳಬೇಕಿತ್ತು, ಯಾರ ಮೇಲೆ ಅಂತ ತಿಳಿಯಲಿಲ್ಲ. ಆ ಹುಡುಗಿ ಹೇಳಿದ್ದು ಸರಿಯಿತ್ತು. ಮಾರ್ಚ್ ತಿಂಗಳಲ್ಲಿ ಫೋನು ಹಿಡಿದಾಗ ತಾನು ಹೇಳಬೇಕಾಗಿದ್ದ ಮಾತನ್ನೇ ಅವಳು ಹೇಳಿದ್ದಳು. ಗೊತ್ತಿಲ್ಲದ್ದನ್ನು ಕಾಲಂಗೆ ತುಂಬುವುದಿಲ್ಲ ಅಂತ.

ವೈದ್ಯಾಧಿಕಾರಿಯ ಕುರ್ಚಿ ಖಾಲಿ, ವರ್ಗಾವಣೆಯಾಗಿ ಹೊಸಬರು ಬಂದಿರಲಿಲ್ಲ. ಪ್ರಭಾರದವರು 'ಅಂಥ ಭರವಸೆ ಕೊಡುವ ಅಧಿಕಾರ ನನಗಿಲ್ಲ' ಅಂದರು. ಜಿಲ್ಲಾ ಕಚೇರಿ 'ಉಗ್ರಾಣಕ್ಕೆ ಬರೆದಿದ್ದೇವೆ' ಅಂತು. ಉಗ್ರಾಣಕ್ಕೆ ಫೋನು ಮಾಡಿದರೆ 'ಟೆಂಡರ್ ಹಂತದಲ್ಲಿದೆ' ಅಂದರು. ಹದಿನೈದು ದಿನದಲ್ಲಿ ಒಂಬತ್ತು ಮೇಜು ತಿರುಗಿದಳು. ಒಂಬತ್ತು ಕಡೆಯೂ ಕೂರಿಸಿ ಚಹ ಕೊಟ್ಟರು. ಒಬ್ಬರೂ ಸಹಿ ಕೊಡಲಿಲ್ಲ. ಖಾಸಗಿ ಅಂಗಡಿಯಿಂದ ಕೊಂಡು ತರುತ್ತೇನೆ, ಬರೆದುಕೊಡುತ್ತೇನೆ ಅಂದಳು ಉಚ್ಚೆಂಗೆಮ್ಮ. ವಿಜಯಕುಮಾರ್ ಈ ಸಲ ನಿಜವಾಗಿ ಮುಖ ಸಣ್ಣದು ಮಾಡಿಕೊಂಡು ಹೇಳಿದ: "ಆದೇಶದಾಗೆ ಸರ್ಕಾರಿ ಆಸ್ಪತ್ರೆಯಿಂದ ಅಂತ ಐತೆ ಅಮ್ಮ. ನಾ ಬದಲು ಮಾಡಾಕೆ ಬರಲ್ಲ."

ಹದಿನಾರನೆಯ ದಿನ ಕಡತ ಮುಂದಿನ ಸಭೆಗೆ ಹೋಯಿತು. ಅಂದರೆ ಮಾರ್ಚ್. ಅಷ್ಟು ಹೊತ್ತಿಗೆ ವರದಿ ಹಳತಾಗಿರುತ್ತದೆ, ವೀರೇಶ್ ಮತ್ತೆ ಕೂರಬೇಕು, ಈಕೆ ಮತ್ತೆ ಬಸ್ಸು ಹತ್ತಬೇಕು. ವಿಷಯ ಹೇಳಲು ವೀರೇಶ್ ವಾರ್ಡಿಗೆ ಹೋದಾಗ ಏಕಾಂತಪ್ಪ ಕೇಳಿದನಂತೆ, "ನಾ ಏನಾರ ತಪ್ಪು ಮಾತಾಡಿದ್ನಾ ಸರ್?" ಇಲ್ಲ ಅಂದನಂತೆ ವೀರೇಶ್. "ಮತ್ತೆ?" ಅಂದನಂತೆ.

ಇಂಥವನನ್ನು ಬಿಟ್ಟರೆ ನಮ್ಮ ಗತಿಯೇನು ಅಂತ ನೀವು ಕೇಳುತ್ತೀರಿ. ಕೇಳಬೇಕಾದದ್ದೇ. ಹಾಗಾದರೆ ಅದನ್ನು ಕೇಳಬೇಕಾದ ಜಾಗದಲ್ಲಿ ಕೇಳಿ. ಅವನನ್ನು ಒಳಗಿಟ್ಟ ಮಾತ್ರಕ್ಕೆ ನೀವು ಬಚಾವಾಗಲಿಲ್ಲ. ಇಂಜೆಕ್ಷನ್ ಸಿಗದೆ ಹೊರಟ ಏಳು ಜನ ಈಗಾಗಲೇ ನಿಮ್ಮ ಬೀದಿಯಲ್ಲೇ ಇದ್ದಾರೆ, ಯಾರ ಗಮನವೂ ಇಲ್ಲದೆ. ನಾಳೆ ಬೆಳಿಗ್ಗೆ ಎದ್ದು ನಿಮ್ಮ ಊರಿನ ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಗೆ ಹೋಗ್ರಿ. ತಲೆ ಕೆಟ್ಟವರಿಗೆ ತಿಂಗಳಿಗೊಮ್ಮೆ ಹಾಕುವ ಇಂಜೆಕ್ಷನ್ ಈ ತಿಂಗಳು ಎಷ್ಟು ಐತೆ, ಎಷ್ಟು ಜನಕ್ಕೆ ಬೇಕು ಅಂತ ಕೇಳ್ರಿ. ಇಲ್ಲ ಅಂದರೆ ಕಿಟಕಿಯ ಹುಡುಗಿಯನ್ನು ಬೈಯಬೇಡ್ರಿ. ಇಲ್ಲ ಅನ್ನುವುದನ್ನು ತಾರೀಕು ಹಾಕಿ ಬರೆಸಿಕೊಳ್ರಿ, ಆ ಕಾಗದ ಹಿಡಿದು ಜಿಲ್ಲಾಧಿಕಾರಿ ಕಚೇರಿಯ ಮೆಟ್ಟಿಲ ಮೇಲೆ ಕೂಡ್ರಿ, ಇಂಜೆಕ್ಷನ್ ತರಿಸಿಕೊಡುವ ತನಕ ಏಳಬೇಡ್ರಿ.